ಕುಗ್ಗಲು ಹೊಂಚುವ ಶ್ವಾಸಕೋಶ

ಮಟನ್ ಅಂಗಡಿಯ ಕೊಕ್ಕೆಗೆ ತೂಗುಹಾಕಿದ ಕುರಿಯ ಶ್ವಾಸಕೋಶವನ್ನು ಕಂಡವರು ಬಹಳ ಜನ, ಗಮನಿಸಿದವರು ಕಡಿಮೆ. ಆ ಪ್ರಾಣಿ ಉಸಿರಾಡುತ್ತಿದ್ದಾಗ ಅದು ಎದೆಗೂಡನ್ನೆಲ್ಲ ತುಂಬಿಕೊಂಡು ಈಗಿನದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಕಟುಕನ ಚೂರಿ ಎದೆಯನ್ನು ಸೀಳಿದ ಕ್ಷಣದಲ್ಲೇ ಮುದುಡಿಕೊಂಡಿತು. ಅದನ್ನು ಯಾರೂ ಹಿಂಡಲಿಲ್ಲ, ಅದುಮಲಿಲ್ಲ. ಅದರ ಶ್ವಾಸನಾಳಕ್ಕೆ ಕೊಳವೆ ಸಿಕ್ಕಿಸಿ ಗಾಳಿ ಊದಿದರೆ ನಸುಗೆಂಪು ಬಣ್ಣಕ್ಕೆ ತಿರುಗುತ್ತಾ ಉಬ್ಬುತ್ತದೆ. ಕೊಳವೆಯಿಂದ ಬಾಯಿ ತೆಗೆದರೆ ಬುಸ್ಸೆಂದು ಗಾಳಿ ಉಗುಳಿ ಮತ್ತೆ ಮುದುಡುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಮಾಡಿ ತೋರಿಸುವ ಮೇಷ್ಟರಿದ್ದಾರೆ. ಒಮ್ಮೆ ನೋಡಿದವರಿಗೆ 'ಲಂಗ್ ಕೊಲ್ಯಾಪ್ಸ್ ಆಗಿದೆ' ಎಂಬ ಮಾತು ಬೇರೆಯಾಗಿಯೇ ಕೇಳಿಸುತ್ತದೆ. ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶವನ್ನು ಜಜ್ಜಿಹಾಕಿತು ಎಂದೇ ನಾವು ಸಾಮಾನ್ಯವಾಗಿ ಕಲ್ಪಿಸಿಕೊಳ್ಳುತ್ತೇವೆ. ಆದರೆ ಶ್ವಾಸಕೋಶ ಹುಟ್ಟಿದಂದಿನಿಂದಲೂ ಕುಗ್ಗಲು ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆದು ಹಿಡಿದಿದ್ದ ಏರ್ಪಾಡು ಕೈಬಿಟ್ಟಿತು, ಅಷ್ಟೆ.

ಆ ಏರ್ಪಾಡು ಯಾವುದು? ಶ್ವಾಸಕೋಶದ ಮೈಗೆ ಅಂಟಿಕೊಂಡು ಒಂದು ತೆಳು ಪೊರೆಯಿದೆ. ಅದೇ ಪೊರೆ ಮಡಚಿಕೊಂಡು ಪಕ್ಕೆಲುಬುಗಳ ಒಳಮೈಯನ್ನೂ, ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯನ್ನೂ ಹೊದ್ದಿದೆ. ಇದಕ್ಕೆ ಪ್ಲೂರಾ ಎಂದು ಹೆಸರು. ಎರಡು ಪದರಗಳ ನಡುವೆ ಜಾಗವೆಂದು ಕರೆಯಬಹುದಾದ ಜಾಗವೇನೂ ಇಲ್ಲ. ಎಲ್ಲ ಸೇರಿ ಕೆಲವು ಚಮಚದಷ್ಟು ದ್ರವ ಕೂದಲೆಳೆಗಿಂತಲೂ ತೆಳುವಾಗಿ ಹರಡಿಕೊಂಡಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟರೆ ಹೇಗೆ ಸಲೀಸಾಗಿ ಜಾರುತ್ತವೆ, ಆದರೆ ಬಿಡಿಸಿ ಎತ್ತಲು ಹೋದರೆ ಬರುವುದಿಲ್ಲವೋ, ಹಾಗೆ ಈ ಎರಡು ಪದರಗಳು ಉಸಿರಿಗೊಮ್ಮೆ ಒಂದರ ಮೇಲೊಂದು ಜಾರುತ್ತವೆ, ಬೇರೆಯಾಗುವುದಿಲ್ಲ.

ಬೇರೆಯಾಗಲು ಎಳೆತವೇನೋ ಎರಡೂ ಕಡೆಯಿಂದ ಇದ್ದೇ ಇದೆ. ಒಳಗಿನ ಪದರವನ್ನು ಶ್ವಾಸಕೋಶ ಒಳಕ್ಕೆ ಸೆಳೆಯುತ್ತದೆ. ಹೊರಗಿನ ಪದರವನ್ನು ಎದೆಗೂಡು ಹೊರಕ್ಕೆ ಸೆಳೆಯುತ್ತದೆ. ಶ್ವಾಸಕೋಶದ ಸಂಗತಿ ಊಹಿಸಬಹುದು. ಎದೆಗೂಡಿನದು ಹೆಚ್ಚಿನವರಿಗೆ ಹೊಸದು. ಶ್ವಾಸಕೋಶದ ಹಂಗಿಲ್ಲದಿದ್ದರೆ ನಮ್ಮ ಪಕ್ಕೆಲುಬಿನ ಗೂಡು ಈಗಿರುವುದಕ್ಕಿಂತ ಅಗಲವಾಗಿ ಹರಡಿಕೊಂಡಿರುತ್ತಿತ್ತು. ನೀವು ಈಗ ಸುಮ್ಮನೆ ಉಸಿರು ಬಿಟ್ಟು, ಮುಂದಿನ ಉಸಿರಿಗೆ ಮೊದಲಿನ ಆ ಸಣ್ಣ ಬಿಡುವಿನಲ್ಲಿ ಗಮನಿಸಿ. ಯಾವ ಸ್ನಾಯುವೂ ದುಡಿಯುತ್ತಿಲ್ಲ. ಆದರೂ ವಯಸ್ಕರೊಬ್ಬರ ಎದೆಯಲ್ಲಿ ಆಗ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದೇ ಇರುತ್ತದೆ. ಒಳಸೆಳೆತ ಮತ್ತು ಹೊರಸೆಳೆತ ಸರಿಸಮವಾಗಿ ನಿಂತ ಜಾಗ ಅದು.

ಹೀಗೆ ಎರಡು ಕಡೆಗೂ ಜಗ್ಗಾಡುವುದರಿಂದ ನಡುವಿನ ತೆಳು ದ್ರವದಲ್ಲಿ ಒತ್ತಡ ಇಳಿಯುತ್ತದೆ. ಎಷ್ಟು? ವಾತಾವರಣದ ಒತ್ತಡಕ್ಕಿಂತ ಸುಮಾರು 5 ಸೆಂಟಿಮೀಟರ್ ನೀರಿನಷ್ಟು ಕಡಿಮೆ. ಕೊಳವೆಯೊಂದರಲ್ಲಿ ನೀರನ್ನು 5 ಸೆಂ.ಮೀ. ಎತ್ತರಕ್ಕೆ ಹೀರಿ ನಿಲ್ಲಿಸಲು ಬೇಕಾಗುವಷ್ಟು ಎಂದರ್ಥ. ವೈದ್ಯರು ಇದನ್ನು 'ಮೈನಸ್ 5' ಎನ್ನುತ್ತಾರೆ. ಮೈನಸ್ ಎಂದಕೂಡಲೇ ಅಲ್ಲಿ ನಿರ್ವಾತವಿದೆ ಎಂದು ತಿಳಿಯಬೇಕಿಲ್ಲ. ವಾತಾವರಣದ ಒತ್ತಡ ಸುಮಾರು 1033 ಸೆಂ.ಮೀ. ನೀರಿನಷ್ಟಿದೆ, ಪ್ಲೂರಾದೊಳಗೆ 1028. ಅಷ್ಟೇ ವ್ಯತ್ಯಾಸ. ನಾವು ಉಸಿರು ಎಳೆದುಕೊಂಡಾಗ ವಪೆ ಕೆಳಗಿಳಿದು ಪಕ್ಕೆಲುಬುಗಳು ಮೇಲೆದ್ದು ಈ ಸಂಖ್ಯೆ ಮೈನಸ್ 8ರ ಆಸುಪಾಸಿಗೆ ಹೋಗುತ್ತದೆ. ಆ ಮೂರು ಸೆಂಟಿಮೀಟರ್ ಹೆಚ್ಚುವರಿ ಸೆಳೆತಕ್ಕೆ ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಉಸಿರು ಬಿಡಲು ಪ್ರತ್ಯೇಕ ಶ್ರಮ ಬೇಡ. ಸ್ನಾಯು ಸಡಿಲಿಸಿದರೆ ಶ್ವಾಸಕೋಶ ತನ್ನ ಹಳೆಯ ಹಟಕ್ಕೆ ಬಿದ್ದು ತಾನೇ ಕುಗ್ಗಿ ಗಾಳಿಯನ್ನು ಹೊರಹಾಕುತ್ತದೆ. ಅಂದರೆ ಯಾವ ಗುಣ ಒಂದು ದಿನ ಶ್ವಾಸಕೋಶವನ್ನು ಮುದುಡಿಸಬಹುದೋ ಅದೇ ಗುಣದಿಂದ ನಮ್ಮ ಪ್ರತಿಯೊಂದು ನಿಶ್ವಾಸವೂ ಪುಕ್ಕಟೆ ನಡೆಯುತ್ತಿದೆ.

ಈ ಸೆಳೆತವನ್ನು ಮೊದಲು ಅಳೆದವರಲ್ಲಿ ಒಬ್ಬ ಲಿವರ್‌ಪೂಲ್‌ನ ವೈದ್ಯ ಜೇಮ್ಸ್ ಕಾರ್ಸನ್. ಆಗತಾನೇ ಸತ್ತ ಪ್ರಾಣಿಯ ಶ್ವಾಸನಾಳಕ್ಕೆ ನೀರಿದ್ದ ಗಾಜಿನ ಕೊಳವೆಯನ್ನು ಬಿಗಿದು, ಆಮೇಲೆ ಎದೆಯನ್ನು ತೆರೆದ. ಶ್ವಾಸಕೋಶ ಕುಗ್ಗಲು ಹೊರಟಿತು, ಒಳಗಿನ ಗಾಳಿಗೆ ದಾರಿಯಿಲ್ಲದೆ ನೀರನ್ನು ಮೇಲಕ್ಕೆ ತಳ್ಳಿತು. ನೀರಿನ ಎತ್ತರವೇ ಸೆಳೆತದ ಅಳತೆ. 1820ರಲ್ಲಿ ಅವನು ಇದನ್ನು ಪ್ರಕಟಿಸಿದ. ಇಷ್ಟು ಸರಳ ಉಪಾಯ ಅದಕ್ಕೂ ಮೊದಲು ಯಾರಿಗೂ ಹೊಳೆಯಲಿಲ್ಲವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಸೆಳೆತಕ್ಕೆ ಕಾರಣ ಶ್ವಾಸಕೋಶದ ಅಂಗಾಂಶದಲ್ಲಿ ಹೆಣೆದುಕೊಂಡಿರುವ ಹಿಗ್ಗಿ ಕುಗ್ಗುವ ನಾರುಗಳು ಮಾತ್ರವೇ ಎಂದು ಬಹುಕಾಲ ನಂಬಲಾಗಿತ್ತು. 1929ರಲ್ಲಿ ಕುರ್ಟ್ ಫಾನ್ ನೇರ್‌ಗಾರ್ಡ್ ಎಂಬಾತ ಶ್ವಾಸಕೋಶಕ್ಕೆ ಗಾಳಿಯ ಬದಲು ದ್ರವ ತುಂಬಿ ನೋಡಿದ. ಉಬ್ಬಿಸಲು ಅರ್ಧಕ್ಕಿಂತಲೂ ಕಡಿಮೆ ಒತ್ತಡ ಸಾಕಾಯಿತು. ಎಂದರೆ ಸೆಳೆತದ ದೊಡ್ಡ ಪಾಲು ನಾರುಗಳದ್ದಲ್ಲ. ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳ ಒಳಮೈಯಲ್ಲಿರುವ ನೀರಿನ ಪದರ ಗಾಳಿಯನ್ನು ಮುಟ್ಟುವಲ್ಲಿ ಹುಟ್ಟುವ ಮೇಲ್ಮೈ ಎಳೆತದ್ದು.

ಇನ್ನು ಒಂದೇ ಒಂದು ಸಂಗತಿ ಹೇಳಿ ರೋಗಿಯ ಬಳಿಗೆ ಹೋಗೋಣ. ಮೈನಸ್ 5 ಎಂದದ್ದು ಸರಾಸರಿ. ನಾವು ನೆಟ್ಟಗೆ ಕೂತಾಗ ಶ್ವಾಸಕೋಶ ತನ್ನದೇ ತೂಕಕ್ಕೆ ಕೆಳಗೆ ಜೋಲುತ್ತದೆ. ಹಾಗಾಗಿ ಎದೆಯ ತುದಿಯಲ್ಲಿ, ಕೊರಳ ಮೂಳೆಯ ಹತ್ತಿರ, ಸೆಳೆತ ಮೈನಸ್ 10ರವರೆಗೂ ಇರುತ್ತದೆ. ತಳದಲ್ಲಿ ಮೈನಸ್ 2 ಅಥವಾ 3. ತುದಿಯ ಗಾಳಿಗೂಡುಗಳು ಸದಾ ಹೆಚ್ಚು ಹಿಗ್ಗಿದ ಸ್ಥಿತಿಯಲ್ಲಿರುತ್ತವೆ. ಆಳು ಎತ್ತರವಾದಷ್ಟೂ ಈ ಅಂತರ ಹೆಚ್ಚು. ಉದ್ದನೆಯ, ಸಣಕಲು ಮೈಕಟ್ಟಿನ ಹುಡುಗರ ಶ್ವಾಸಕೋಶದ ತುದಿಯಲ್ಲಿ ಪುಟ್ಟ ಗುಳ್ಳೆಗಳು ಏಳುವುದಕ್ಕೆ ಇದೂ ಒಂದು ಕಾರಣವೆಂದು ಹೇಳುತ್ತಾರೆ. ಬೀಡಿ ಸಿಗರೇಟು ಸೇರಿಕೊಂಡರೆ ಅಪಾಯ ಹಲವು ಪಟ್ಟು ಏರುತ್ತದೆ.

ಈಗ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು 22, ಎತ್ತರ ಆರಡಿ, ತೂಕ 58 ಕೆ.ಜಿ., ದಿನಕ್ಕೆ ಐದಾರು ಸಿಗರೇಟು. ಇಂಥವರನ್ನು ನೋಡದ ಎದೆರೋಗ ತಜ್ಞರಿಲ್ಲ. ಅವನು ಮೂಟೆ ಹೊರುತ್ತಿರಲಿಲ್ಲ, ಓಡುತ್ತಿರಲಿಲ್ಲ. ಸಂಜೆ ಸೋಫಾದ ಮೇಲೆ ಕೂತು ಕ್ರಿಕೆಟ್ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಬಲಗಡೆ ಎದೆಯಲ್ಲಿ ಚಳುಕು. ಉಸಿರೆಳೆದರೆ ಚುಚ್ಚುವ ನೋವು, ಭುಜದವರೆಗೂ. ಹೀಗೆ ತಾನೇತಾನಾಗಿ ಆಗುವ ನ್ಯೂಮೋಥೊರಾಕ್ಸ್ ಬಹುಪಾಲು ಜನರಿಗೆ ವಿಶ್ರಾಂತಿಯಲ್ಲಿದ್ದಾಗಲೇ ಬರುತ್ತದೆ.

ಒಳಗೆ ನಡೆದದ್ದು ಇಷ್ಟು. ತುದಿಯ ಗುಳ್ಳೆಯೊಂದು ಒಡೆಯಿತು. ಗಾಳಿಗೂಡಿನಲ್ಲಿ ವಾತಾವರಣದ ಒತ್ತಡ, ಪ್ಲೂರಾದಲ್ಲಿ ಅದಕ್ಕಿಂತ 5 ಸೆಂ.ಮೀ. ಕಡಿಮೆ. ಗಾಳಿ ಇಳಿಜಾರಿನ ಕಡೆಗೇ ಹೋಗಬೇಕಲ್ಲ, ಶ್ವಾಸಕೋಶದಿಂದ ಪ್ಲೂರಾಕ್ಕೆ ಸೋರತೊಡಗಿತು. ಸೋರಿದಷ್ಟೂ ಪ್ಲೂರಾದ ಒತ್ತಡ ಮೈನಸ್ 5ರಿಂದ ಸೊನ್ನೆಯ ಕಡೆಗೆ ಏರಿತು. ಶ್ವಾಸಕೋಶವನ್ನು ಎದೆಗೂಡಿಗೆ ಕಟ್ಟಿಹಾಕಿದ್ದ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಯಿತು. ಶ್ವಾಸಕೋಶ ಒಳಕ್ಕೆ ಕುಗ್ಗಿತು. ಅದೇ ಹೊತ್ತಿಗೆ ಆ ಬದಿಯ ಎದೆಗೂಡು ಹೊರಕ್ಕೆ ಹಿಗ್ಗಿತು, ವಪೆ ತುಸು ಕೆಳಗಿಳಿಯಿತು. ಶ್ವಾಸಕೋಶ ಕುಸಿದ ಬದಿಯ ಎದೆ ಒಳಗೆ ತಗ್ಗುತ್ತದೆ ಎಂದು ಯಾರಾದರೂ ಭಾವಿಸಿದ್ದರೆ, ಎಕ್ಸ್‌ರೇಯಲ್ಲಿ ಕಾಣುವುದು ಅದಕ್ಕೆ ವಿರುದ್ಧ: ಆ ಬದಿಯ ಪಕ್ಕೆಲುಬುಗಳ ನಡುವಿನ ಅಂತರವೇ ಹೆಚ್ಚಾಗಿರುತ್ತದೆ. ಜಗ್ಗಾಟದಲ್ಲಿದ್ದ ಇಬ್ಬರೂ ಹಗ್ಗ ಬಿಟ್ಟು ತಮ್ಮ ತಮ್ಮ ದಿಕ್ಕಿಗೆ ನಡೆದರು.

ಕುಗ್ಗುವುದರಲ್ಲೇ ಒಂದು ರಕ್ಷಣೆಯೂ ಅಡಗಿದೆ. ಶ್ವಾಸಕೋಶ ಸಣ್ಣದಾದಂತೆ ಒಡೆದ ಗುಳ್ಳೆಯೂ ಸುಕ್ಕುಗಟ್ಟಿ ತೂತು ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಶ್ವಾಸಕೋಶ ಪೂರ್ತಿ ಮುದುಡದೆ ಅರ್ಧಕ್ಕೋ ಕಾಲಕ್ಕೋ ನಿಲ್ಲುವುದು ಇದರಿಂದ.

ನಮ್ಮ ಹುಡುಗ ಆಸ್ಪತ್ರೆಗೆ ನಡೆದುಕೊಂಡೇ ಬಂದ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 93 ತೋರಿಸಿತು. ಒಂದು ಶ್ವಾಸಕೋಶ ಅರ್ಧದಷ್ಟು ಕುಗ್ಗಿದ್ದರೂ ಇಷ್ಟೇ ಏಕೆ ಇಳಿಯಿತು? ಮೊದಲು ಏನು ಕೆಡುತ್ತದೆಂದು ನೋಡಬೇಕು. ಕುಗ್ಗಿದ ಭಾಗಕ್ಕೆ ಗಾಳಿ ಹೋಗುತ್ತಿಲ್ಲ, ಆದರೆ ರಕ್ತ ಹರಿಯುತ್ತಲೇ ಇದೆ. ಆ ರಕ್ತ ಆಮ್ಲಜನಕ ಪಡೆಯದೆ ಹಾಗೆಯೇ ಹಾದುಹೋಗಿ ಒಳ್ಳೆಯ ರಕ್ತದ ಜೊತೆ ಬೆರೆಯುತ್ತದೆ. ಉಳಿದ ಶ್ವಾಸಕೋಶ ಎಷ್ಟು ಜೋರಾಗಿ ಉಸಿರಾಡಿದರೂ ಈ ಕೊರತೆಯನ್ನು ತುಂಬಲಾರದು. ಏಕೆಂದರೆ ಅಲ್ಲಿ ಹಾದುಬರುವ ರಕ್ತದ ಹಿಮೋಗ್ಲೋಬಿನ್ ಆಗಲೇ ಬಹುತೇಕ ಭರ್ತಿಯಾಗಿದೆ, ಇನ್ನಷ್ಟು ಹೇರಲು ಸ್ಥಳವಿಲ್ಲ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಜೋರಾಗಿ ಉಸಿರಾಡಿದಷ್ಟೂ ಅದು ಹೆಚ್ಚು ಹೊರಹೋಗುತ್ತದೆ. ಒಂದು ಬದಿಯ ಬಾಕಿಯನ್ನು ಇನ್ನೊಂದು ಬದಿ ತೀರಿಸಬಲ್ಲದು. ಹಾಗಾಗಿ ಇಂಥ ಆರೋಗ್ಯವಂತ ಯುವಕರಲ್ಲಿ ಆಮ್ಲಜನಕ ಸ್ವಲ್ಪ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ಸರಿಯಾಗಿಯೇ ಇರುತ್ತದೆ.

ದೇಹ ಇನ್ನೊಂದು ಜಾಣತನ ಮಾಡುತ್ತದೆ. ದೇಹದ ಬೇರೆಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳಗಳು ಹಿಗ್ಗುತ್ತವೆ. ಶ್ವಾಸಕೋಶದಲ್ಲಿ ಮಾತ್ರ ತದ್ವಿರುದ್ಧ: ಗಾಳಿ ಸಿಗದ ಭಾಗದ ನಾಳಗಳು ಬಿಗಿದುಕೊಂಡು, ಅಲ್ಲಿಗೆ ಹೋಗಬೇಕಿದ್ದ ರಕ್ತವನ್ನು ಗಾಳಿಯಿರುವ ಕಡೆಗೆ ಹೊರಳಿಸುತ್ತವೆ. ಈ ಹೊಂದಾಣಿಕೆ ನಡೆದಂತೆ ಆಕ್ಸಿಮೀಟರಿನ ಅಂಕಿ ತುಸು ಸುಧಾರಿಸುತ್ತದೆ. ನೋವೂ ಒಂದು ದಿನದೊಳಗೆ ಕಡಿಮೆಯಾಗಿಬಿಡಬಹುದು, ಗಾಳಿ ಅಲ್ಲೇ ಇದ್ದರೂ. ಎರಡು ದಿನ ಮನೆಯಲ್ಲೇ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ಕಳೆದು, ಆಮೇಲೆ ಬರುವ ಹುಡುಗರು ಇರುವುದು ಇದಕ್ಕೇ.

ಸಮಸ್ಯೆ ಗಂಭೀರವಾಗುವುದು ಶ್ವಾಸಕೋಶ ಮೊದಲೇ ಹಾಳಾಗಿದ್ದವರಲ್ಲಿ. ಹಳೆಯ ಕ್ಷಯದಿಂದ ಗಾಯಗೊಂಡ, ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ ಹಿಡಿದ ಅರವತ್ತರ ಮನುಷ್ಯನಿಗೆ ಮೀಸಲು ಶಕ್ತಿಯೇ ಇರುವುದಿಲ್ಲ. ಹುಡುಗನಿಗೆ ಎದೆ ಚುಚ್ಚುವಷ್ಟೇ ಗಾಳಿ ಸೋರಿದರೆ ಆತ ಮಾತನಾಡಲೂ ಆಗದೆ ಏದುಸಿರು ಬಿಡುತ್ತಾನೆ. ಗಾಳಿ ಎಷ್ಟು ಸೋರಿದೆ ಎಂಬುದಕ್ಕಿಂತ ಅದು ಯಾರ ಎದೆಯಲ್ಲಿ ಸೋರಿದೆ ಎನ್ನುವುದೇ ಮುಖ್ಯ.

ಬಲಗಡೆ ಬೆರಳಿನಿಂದ ತಟ್ಟಿದಾಗ ವೈದ್ಯರಿಗೆ ಟೊಳ್ಳು ಸದ್ದು ಕೇಳಿಸಿತು. ಸ್ಟೆತಾಸ್ಕೋಪಿಟ್ಟರೆ ಉಸಿರಿನ ಸದ್ದು ಕ್ಷೀಣ. ಎಕ್ಸ್‌ರೇಯಲ್ಲಿ ಪಕ್ಕೆಲುಬಿನ ಅಂಚಿನಿಂದ ಎರಡು ಸೆಂಟಿಮೀಟರ್ ಒಳಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ತೆಳು ಗೆರೆ. ಶ್ವಾಸಕೋಶದ ಅಂಚು ಅದು. ಅದರಾಚೆ ರಕ್ತನಾಳಗಳ ಗುರುತೇ ಇಲ್ಲದ ಬರಿಯ ಕಪ್ಪು. "ಎರಡೇ ಸೆಂಟಿಮೀಟರಾ? ಹಂಗಾದ್ರೆ ಸ್ವಲ್ಪವೇ ಅಲ್ವಾ ಡಾಕ್ಟ್ರೇ?" ಎಂದು ಹುಡುಗನ ತಾಯಿ ಕೇಳಿದರೆ ತಪ್ಪೇನಿಲ್ಲ. ಆದರೆ ಎಕ್ಸ್‌ರೇ ಬರೀ ನೆರಳು, ಶ್ವಾಸಕೋಶ ಗಾತ್ರವಿರುವ ವಸ್ತು. ಆ ಬದಿಯ ಎದೆಯ ಅಗಲ 10 ಸೆಂ.ಮೀ. ಎಂದಿಟ್ಟುಕೊಳ್ಳಿ, ಕುಗ್ಗಿದ ಶ್ವಾಸಕೋಶದ್ದು 8. ಗಾತ್ರ ಅಳತೆಯ ಘನದ ಲೆಕ್ಕದಲ್ಲಿ ಇಳಿಯುತ್ತದೆ. ಎಂಟರ ಘನ 512, ಹತ್ತರ ಘನ 1000. ಎಂದರೆ ಅಂಚಿನಲ್ಲಿ ಎರಡು ಸೆಂಟಿಮೀಟರ್ ಕಪ್ಪು ಕಂಡರೆ ಶ್ವಾಸಕೋಶ ಹೆಚ್ಚುಕಡಿಮೆ ಅರ್ಧ ಕುಗ್ಗಿದೆ ಎಂದೇ ಅರ್ಥ.

ಮುಂದೇನು? ಇಲ್ಲಿ ಒಂದು ಹಳೆಯ ಕಥೆ ನೆರವಿಗೆ ಬರುತ್ತದೆ. ಕ್ಷಯಕ್ಕೆ ಔಷಧವಿಲ್ಲದ ಕಾಲದಲ್ಲಿ ವೈದ್ಯರು ರೋಗಿಯ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸುತ್ತಿದ್ದರು. ಕುಗ್ಗಿ ವಿಶ್ರಾಂತಿ ಪಡೆದರೆ ಹುಣ್ಣು ಮಾಯುತ್ತದೆ ಎಂಬ ನಂಬಿಕೆ. ಕಾರ್ಸನ್‌ಗೇ ಈ ಯೋಚನೆ ಬಂದಿತ್ತು. ಅದನ್ನು ಚಿಕಿತ್ಸೆಯಾಗಿ ರೂಢಿಗೆ ತಂದವನು ಇಟಲಿಯ ಕಾರ್ಲೊ ಫೊರ್ಲಾನಿನಿ, 1882ರಲ್ಲಿ ಪ್ರಸ್ತಾಪಿಸಿ ಆಮೇಲೆ ಸೂಜಿಯಿಂದ ಗಾಳಿ ಹಾಕಿ ತೋರಿಸಿದ. ಭಾರತದ ಸ್ಯಾನಟೋರಿಯಂಗಳಲ್ಲೂ ಇದು ನಡೆಯಿತು. ಎಂಥ ತಂಟೆಯೆಂದರೆ, ಹಾಕಿದ ಗಾಳಿ ಉಳಿಯುತ್ತಲೇ ಇರಲಿಲ್ಲ. ಕೆಲವು ವಾರಗಳಲ್ಲಿ ಮಾಯವಾಗುತ್ತಿತ್ತು, ರೋಗಿಗಳು 'ರೀಫಿಲ್'ಗೆಂದು ಮತ್ತೆ ಮತ್ತೆ ಬರುತ್ತಿದ್ದರು. ಸ್ಟ್ರೆಪ್ಟೊಮೈಸಿನ್ ಮತ್ತು ಅದರ ಹಿಂದೆ ಬಂದ ಔಷಧಗಳಿಂದ ಈ ಪದ್ಧತಿ ನಿಂತುಹೋಯಿತು. ಆದರೆ ಅಂದಿನ ವೈದ್ಯರಿಗೆ ಕಿರಿಕಿರಿಯಾಗಿದ್ದ ಆ ಸಂಗತಿಯೇ ಇಂದಿನ ರೋಗಿಗೆ ಭರವಸೆ.

ಗಾಳಿ ಎಲ್ಲಿಗೆ ಹೋಗುತ್ತದೆ? ರಕ್ತಕ್ಕೆ. ಪ್ಲೂರಾದಲ್ಲಿ ಸಿಕ್ಕಿಕೊಂಡ ಗಾಳಿಯ ಒತ್ತಡ ವಾತಾವರಣದಷ್ಟೇ, ಸುಮಾರು 760 ಮಿಲಿಮೀಟರ್ ಪಾದರಸ. ಅದರ ಪಕ್ಕದಲ್ಲೇ ಹರಿಯುವ ರಕ್ತನಾಳಗಳಲ್ಲಿ, ಅಂಗಾಂಶಕ್ಕೆ ಆಮ್ಲಜನಕ ಕೊಟ್ಟು ಹಿಂದಿರುಗುವ ರಕ್ತದಲ್ಲಿ ಕರಗಿರುವ ಎಲ್ಲ ಅನಿಲಗಳ ಒತ್ತಡವನ್ನು ಕೂಡಿಸಿದರೆ 706ರ ಹತ್ತಿರ ಬರುತ್ತದೆ. ದೇಹ ಆಮ್ಲಜನಕವನ್ನು ಬಳಸಿಕೊಂಡಾಗ ಅದರ ಒತ್ತಡ 100ರಿಂದ 40ಕ್ಕೆ ಇಳಿಯುತ್ತದೆ. ಬದಲಿಗೆ ಸೇರುವ ಇಂಗಾಲದ ಡೈಆಕ್ಸೈಡಿನ ಒತ್ತಡ ಏರುವುದು ಬರೀ ಐದಾರು. ಆ 54ರ ವ್ಯತ್ಯಾಸವೇ ಗಾಳಿಯನ್ನು ಹಗಲಿರುಳು ಹೀರುತ್ತಿರುವ ಶಕ್ತಿ. ಆರೋಗ್ಯವಂತರ ಪ್ಲೂರಾದಲ್ಲಿ ಮೈನಸ್ ಒತ್ತಡವಿದ್ದರೂ ಅಕ್ಕಪಕ್ಕದಿಂದ ಅನಿಲ ಬಂದು ತುಂಬಿಕೊಳ್ಳದಿರುವುದಕ್ಕೂ ಇದೇ ಕಾರಣ. ವೇಗ ಮಾತ್ರ ನಿಧಾನ: ಆ ಬದಿಯ ಎದೆಯ ಗಾತ್ರದ ಶೇ. 1.25ರಿಂದ 2.2ರಷ್ಟು, ದಿನವೊಂದಕ್ಕೆ. ನಮ್ಮ ಹುಡುಗನ ಅರ್ಧ ಕುಗ್ಗಿದ ಶ್ವಾಸಕೋಶ ತಾನಾಗಿ ಅರಳಲು ಮೂರರಿಂದ ಆರು ವಾರ ಬೇಕು. ಮಾಸ್ಕ್ ಹಾಕಿ ಹೆಚ್ಚು ಆಮ್ಲಜನಕ ಕೊಟ್ಟರೆ ರಕ್ತದಲ್ಲಿರುವ ಸಾರಜನಕ ಹೊರಗೆ ತೊಳೆದುಹೋಗಿ ಹೀರುವ ಶಕ್ತಿ ಹಲವು ಪಟ್ಟಾಗುತ್ತದೆ.

ಹಾಗಾದರೆ ಸುಮ್ಮನೆ ಕಾಯಬಹುದೇ? ಬಹುಕಾಲ ವೈದ್ಯರಿಗೆ ಆ ಧೈರ್ಯವಿರಲಿಲ್ಲ. ದೊಡ್ಡ ನ್ಯೂಮೋಥೊರಾಕ್ಸ್ ಕಂಡರೆ ಟ್ಯೂಬ್ ಹಾಕುವುದೇ ವಾಡಿಕೆಯಾಗಿತ್ತು. 2020ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳಲ್ಲಿ 316 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಬೇರೆ ಕಾಯಿಲೆಯಿಲ್ಲದ, ಗಾಳಿ ಸಾಕಷ್ಟು ಸೋರಿದ್ದರೂ ಸ್ಥಿರವಾಗಿದ್ದವರು ಅವರೆಲ್ಲ. ಅರ್ಧ ಜನರಿಗೆ ಟ್ಯೂಬ್, ಉಳಿದರ್ಧ ಜನರ ಮೇಲೆ ಬರೀ ನಿಗಾ. ನಿಗಾದಲ್ಲಿಟ್ಟವರಲ್ಲಿ ಸುಮಾರು ಶೇ. 85 ಮಂದಿಗೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ, ಎಂಟು ವಾರಗಳಲ್ಲಿ ಬಹುತೇಕ ಎಲ್ಲರ ಶ್ವಾಸಕೋಶವೂ ಅರಳಿತ್ತು. ವರ್ಷದೊಳಗೆ ಮರುಕಳಿಸಿದ್ದು ಟ್ಯೂಬ್ ಹಾಕಿಸಿಕೊಂಡವರಲ್ಲೇ ಹೆಚ್ಚು. ಶ್ವಾಸಕೋಶವನ್ನು ಅವಸರದಿಂದ ಹಿಗ್ಗಿಸಿದರೆ ಮಾಯುತ್ತಿರುವ ತೂತು ಮತ್ತೆ ಬಾಯಿ ಬಿಡಬಹುದೇನೋ ಎಂಬುದು ಒಂದು ವಿವರಣೆ.

ನಮ್ಮ ಹುಡುಗನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಅವನ ವೈದ್ಯರು ಕಾಯಲಿಲ್ಲ, ಸೂಜಿ ಹಾಕಿ ಗಾಳಿ ಎಳೆದರು. ಸಿರಿಂಜಿನಲ್ಲಿ ಎಳೆದೆಳೆದು ಎರಡೂವರೆ ಲೀಟರ್ ಆದರೂ ಬರುತ್ತಲೇ ಇತ್ತು. ಅಲ್ಲಿಗೆ ನಿಲ್ಲಿಸಬೇಕು, ಏಕೆಂದರೆ ಅರ್ಧ ಕುಗ್ಗಿದ ಬದಿಯಲ್ಲಿ ಅಷ್ಟು ಗಾಳಿ ಇರಲು ಸಾಧ್ಯವೇ ಇಲ್ಲ. ತೂತು ಇನ್ನೂ ತೆರೆದಿದೆ, ಎಳೆದಷ್ಟೂ ಸೋರುತ್ತಿದೆ ಎಂದು ಲೆಕ್ಕ. ಕಂಕುಳ ಕೆಳಗೆ, ನಾಲ್ಕನೆಯ ಐದನೆಯ ಪಕ್ಕೆಲುಬುಗಳ ಆಸುಪಾಸಿನಲ್ಲಿ ಟ್ಯೂಬ್ ಹಾಕಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿಟ್ಟ ಬಾಟಲಿಯ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿದರು. ಈ ಬಾಟಲಿ ಹ್ಯಾಂಬರ್ಗಿನ ಗೊಟ್‌ಹಾರ್ಡ್ ಬ್ಯೂಲೌ 1875ರಲ್ಲಿ ಎದೆಯ ಕೀವು ತೆಗೆಯಲು ಬಳಸಿದ ಉಪಾಯ. ನೂರೈವತ್ತು ವರ್ಷವಾದರೂ ಅದನ್ನು ಮೀರಿಸುವ ಸರಳ ಸಾಧನ ಬಂದಿಲ್ಲ.

ವಾರ್ಡಿನಲ್ಲಿ ಈ ಬಾಟಲಿಯನ್ನು ಹತ್ತು ನಿಮಿಷ ನೋಡುತ್ತ ಕೂತರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಹುಡುಗ ಉಸಿರು ಬಿಟ್ಟಾಗ, ಕೆಮ್ಮಿದಾಗ ಪ್ಲೂರಾದ ಒತ್ತಡ ಏರಿ, ಎರಡು ಸೆಂಟಿಮೀಟರ್ ನೀರನ್ನು ತಳ್ಳಿಕೊಂಡು ಗಾಳಿ ಗುಳುಗುಳು ಗುಳ್ಳೆಯಾಗಿ ಹೊರಬರುತ್ತದೆ. ಉಸಿರೆಳೆದಾಗ ಒತ್ತಡ ಮೈನಸ್ಸಿಗೆ ಹೋಗಿ ಟ್ಯೂಬಿನೊಳಗೆ ನೀರು ಕೆಲವು ಸೆಂಟಿಮೀಟರ್ ಮೇಲೇರುತ್ತದೆ. ನೀರಿನ ತಡೆ ಇರುವುದರಿಂದ ಹೊರಗಿನ ಗಾಳಿ ಒಳಗೆ ಬರಲಾರದು. "ಗಾಳಿ ಹೊರಗೆ ಬರ್ಬೇಕು ಅಂದ್ರಿ, ನೀರ್ಯಾಕೆ ಮೇಲಕ್ಕೆ ಹೋಗ್ತಿದೆ?" ಎಂದು ಗಾಬರಿಯಾಗುವ ತಾಯಂದಿರಿಗೆ ಒಳ್ಳೆಯ ಸಿಸ್ಟರ್ ಕೊಡುವ ಉತ್ತರ, "ಅದು ಏರಿ ಇಳೀತಿದ್ರೆ ಟ್ಯೂಬು ಸರಿಯಾಗಿದೆ ಅಂತ ಅರ್ಥ ಅಮ್ಮಾ." ನೀರು ಏರುವ ಆ ಎತ್ತರ ಮಗನ ಪ್ಲೂರಾದ ಒತ್ತಡವೇ, ಸೆಂಟಿಮೀಟರ್ ಲೆಕ್ಕದಲ್ಲಿ. ಏರಿಳಿತ ಪೂರ್ತಿ ನಿಂತರೆ ಎರಡರಲ್ಲಿ ಒಂದು: ಶ್ವಾಸಕೋಶ ಅರಳಿ ಟ್ಯೂಬಿನ ಬಾಯಿಯನ್ನು ಮುಚ್ಚಿದೆ, ಇಲ್ಲವೇ ಟ್ಯೂಬ್ ಮಡಚಿಕೊಂಡಿದೆ ಅಥವಾ ಕಟ್ಟಿಕೊಂಡಿದೆ. ಏರಿಳಿತವಿದ್ದು ಗುಳ್ಳೆ ನಿಂತರೆ ತೂತು ಮುಚ್ಚಿದೆ.

ಬಾಟಲಿಯನ್ನು ನೆಲದ ಮೇಲೇ ಇಡುವುದೇಕೆ? ಜೋರಾಗಿ ಉಸಿರೆಳೆದರೆ ಪ್ಲೂರಾದ ಸೆಳೆತ ನೀರನ್ನು ಹಲವು ಹತ್ತು ಸೆಂಟಿಮೀಟರ್ ಎತ್ತಬಲ್ಲದು. ಬಾಟಲಿಯನ್ನು ಹಾಸಿಗೆಯ ಮೇಲಿಟ್ಟರೆ ಆ ನೀರು ಎದೆಯೊಳಗೇ ಹೋಗುತ್ತದೆ. ಇನ್ನೊಂದು ಕಟ್ಟುನಿಟ್ಟು: ಗುಳ್ಳೆ ಬರುತ್ತಿರುವ ಟ್ಯೂಬಿಗೆ ಕ್ಲ್ಯಾಂಪ್ ಹಾಕಬಾರದು. ಎಕ್ಸ್‌ರೇ ಕೋಣೆಗೆ ಸಾಗಿಸುವಾಗ ಎಲ್ಲಿ ನೀರು ಚೆಲ್ಲುತ್ತದೋ ಎಂದು ಹಾಗೆ ಮಾಡುವವರಿದ್ದಾರೆ. ಸೋರುತ್ತಿರುವ ಗಾಳಿಗೆ ಆಗ ದಾರಿಯೇ ಇರುವುದಿಲ್ಲ, ಮತ್ತು ಇದುವರೆಗೆ ಹೇಳಿದ ಸೌಮ್ಯ ಕಥೆ ಪೂರ್ತಿ ಬೇರೆಯಾಗುತ್ತದೆ.

ಅದು ಟೆನ್ಷನ್ ನ್ಯೂಮೋಥೊರಾಕ್ಸ್. ಕೆಲವೊಮ್ಮೆ ಒಡೆದ ಜಾಗ ಒಂದೇ ಕಡೆ ತೆರೆಯುವ ಕವಾಟವಾಗಿಬಿಡುತ್ತದೆ. ಉಸಿರೆಳೆದಾಗ ಗಾಳಿ ಪ್ಲೂರಾಕ್ಕೆ ಬರುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ಒತ್ತಡ ಸೊನ್ನೆಯಲ್ಲಿ ನಿಲ್ಲದೆ ಮೇಲೇರುತ್ತದೆ. ಈಗ ಮಾತ್ರ ಗಾಳಿ ಶ್ವಾಸಕೋಶವನ್ನು ನಿಜವಾಗಿಯೂ ಅದುಮುತ್ತಿದೆ ಎನ್ನಬಹುದು. ಅದು ಹೃದಯವನ್ನೂ ಆಚೆಗೆ ತಳ್ಳುತ್ತದೆ, ಇನ್ನೊಂದು ಶ್ವಾಸಕೋಶವನ್ನೂ ಒತ್ತುತ್ತದೆ. ದೇಹದಿಂದ ಹೃದಯಕ್ಕೆ ರಕ್ತ ಹಿಂದಿರುಗುವುದು ಕೆಲವೇ ಸೆಂಟಿಮೀಟರ್ ನೀರಿನಷ್ಟು ಒತ್ತಡದ ಇಳಿಜಾರಿನಲ್ಲಿ. ಎದೆಯೊಳಗಿನ ಒತ್ತಡ ಏರಿದರೆ ಆ ಇಳಿಜಾರೇ ಸಮತಟ್ಟಾಗುತ್ತದೆ, ಹೃದಯ ಖಾಲಿ ಬಡಿಯುತ್ತದೆ. ಸ್ವಂತ ಉಸಿರಾಡುತ್ತಿರುವವರಲ್ಲಿ ಮೊದಲು ವಿಪರೀತ ಏದುಸಿರು, ಆಮ್ಲಜನಕದ ಕುಸಿತ; ರಕ್ತದೊತ್ತಡ ಬೀಳುವುದು ಕೊನೆಗೆ. ವೆಂಟಿಲೇಟರ್‌ನಲ್ಲಿರುವವರಲ್ಲಿ ಯಂತ್ರವೇ ಗಾಳಿಯನ್ನು ತಳ್ಳುತ್ತಿರುವುದರಿಂದ ಎಲ್ಲವೂ ನಿಮಿಷಗಳಲ್ಲಿ ನಡೆದುಹೋಗುತ್ತದೆ. ಇಲ್ಲಿ ಎಕ್ಸ್‌ರೇಗಾಗಿ ಕಾಯುವಂತಿಲ್ಲ. ಸೂಜಿ ಚುಚ್ಚಿ ಆ ಗಾಳಿಗೆ ದಾರಿ ಮಾಡಿಕೊಡಬೇಕು.

ನಮ್ಮ ಹುಡುಗನಿಗೆ ಅದಾಗಲಿಲ್ಲ. ಮೂರನೆಯ ದಿನ ಗುಳ್ಳೆ ನಿಂತಿತು, ಎಕ್ಸ್‌ರೇಯಲ್ಲಿ ಗೆರೆ ಮಾಯವಾಯಿತು, ಟ್ಯೂಬ್ ತೆಗೆದರು. ಡಿಸ್ಚಾರ್ಜ್ ಚೀಟಿಯಲ್ಲಿ ಸಿಗರೇಟು ಬಿಡಬೇಕೆಂದು ಬರೆದಿರುತ್ತದೆ, ಎಕ್ಸ್‌ರೇ ಪೂರ್ತಿ ಸರಿಯಾಗುವವರೆಗೆ ವಿಮಾನ ಹತ್ತಬಾರದೆಂದೂ. ಎರಡನೆಯದು ಅತಿ ಎಚ್ಚರಿಕೆಯಲ್ಲ. ವಿಮಾನದೊಳಗಿನ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ ಇಳಿಯಬಹುದು, ಆಗ ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಮೂರನೇ ಒಂದರಷ್ಟು ಹಿಗ್ಗುತ್ತದೆ.

ಮತ್ತೆ ಮತ್ತೆ ಹೀಗಾಗುವವರಿಗೆ ಶಸ್ತ್ರವೈದ್ಯರು ಗುಳ್ಳೆಗಳನ್ನು ಕತ್ತರಿಸಿ, ಪ್ಲೂರಾದ ಎರಡು ಪದರಗಳನ್ನು ಉಜ್ಜಿಯೋ ಟಾಲ್ಕ್ ಪುಡಿ ಹಾಕಿಯೋ ಒಂದಕ್ಕೊಂದು ಕಾಯಂ ಆಗಿ ಅಂಟಿಸಿಬಿಡುತ್ತಾರೆ. ಜಾರುವ ಪದರಗಳು ಅಂಟಿಕೊಂಡರೆ ಉಸಿರಾಟ ಕಷ್ಟವಾಗುವುದಿಲ್ಲವೇ ಎಂದು ಯಾರಿಗೂ ಅನುಮಾನ ಬರುತ್ತದೆ. ಇದಕ್ಕೆ ಉತ್ತರ ಕಬಿನಿ ಹಿನ್ನೀರಿನಲ್ಲಿ ಸೊಂಡಿಲೆತ್ತಿ ಈಜುವ ಆನೆಯ ಬಳಿಯಿದೆ. ಬೆಳೆದ ಆನೆಗೆ ಪ್ಲೂರಾದ ಎಡೆಯೇ ಇಲ್ಲ. ಎರಡು ಪದರಗಳ ನಡುವೆ ಸಡಿಲವಾದ ನಾರಿನ ಅಂಗಾಂಶ ತುಂಬಿದೆ. ಈಜುವಾಗ ಸೊಂಡಿಲಿನ ತುದಿ ನೀರಿನ ಮೇಲೆ, ಶ್ವಾಸಕೋಶ ಎರಡು ಮೀಟರ್ ಆಳದಲ್ಲಿ. ದೇಹದ ರಕ್ತನಾಳಗಳ ಮೇಲೆ ಅಷ್ಟು ನೀರಿನ ಒತ್ತಡ, ಶ್ವಾಸಕೋಶದೊಳಗೆ ಮಾತ್ರ ಹೊರಗಿನ ಗಾಳಿಯದು. ನಮ್ಮಂಥ ನವಿರು ಪೊರೆಯಿದ್ದರೆ ಅದರ ರಕ್ತನಾಳಗಳು ಒಡೆದುಹೋಗುತ್ತಿದ್ದವು ಎಂದು ಶ್ವಾಸಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ ವಾದಿಸಿದ್ದಾರೆ. ಪೊರೆ ಅಂಟಿಸಿಕೊಂಡ ಮನುಷ್ಯರ ಉಸಿರಾಟದ ಪರೀಕ್ಷೆಯಲ್ಲೂ ಹೇಳಿಕೊಳ್ಳುವಂಥ ಕೊರತೆ ಕಾಣುವುದಿಲ್ಲ. ಅವರ ಶ್ವಾಸಕೋಶ ಈಗಲೂ ಒಳಕ್ಕೇ ಜಗ್ಗುತ್ತಿರುತ್ತದೆ, ಎದೆಗೂಡು ಹೊರಕ್ಕೆ. ಮತ್ತೊಂದು ಗುಳ್ಳೆ ಒಡೆದರೂ ನಡುವೆ ಗಾಳಿ ಸೇರಿಕೊಳ್ಳಲು ಎಡೆಯಿರುವುದಿಲ್ಲ.